ಅಡ್ವಾನ್ಸ್ ಹಾಕುವ ಮುಂಚೆ ಆ ಜಿಎಸ್‌ಟಿ ನಂಬರ್ ಒಮ್ಮೆ ತಟ್ಟಿ ನೋಡಿ

ವಿರಾಜಪೇಟೆಯಲ್ಲೋ ಸೋಮವಾರಪೇಟೆಯಲ್ಲೋ ಸಣ್ಣದಾಗಿ ಕಾಫಿ ಹುರಿದು, ಪುಡಿ ಮಾಡಿ, ಪ್ಯಾಕೆಟ್ ಹಾಕಿ ಮಾರುವವರಿಗೆ ಮೆಷಿನ್ನು, ಕವರ್ರು, ಲೇಬಲ್ಲು ಹೆಚ್ಚಾಗಿ ಹೊರಗಿಂದಲೇ ಬರಬೇಕು. ಮೈಸೂರು, ಬೆಂಗಳೂರು, ಕಣ್ಣೂರು, ಕೊಯಮತ್ತೂರು ಕಡೆಯವರ ಜೊತೆ ವ್ಯವಹಾರ. ಮುಖ ನೋಡಿರುವುದಿಲ್ಲ. ಫೋನ್‌ನಲ್ಲಿ ಮಾತು, ವಾಟ್ಸಾಪ್‌ನಲ್ಲಿ ಕೊಟೇಶನ್, ಆಮೇಲೆ ಅರ್ಧ ದುಡ್ಡು ಅಡ್ವಾನ್ಸ್. ಕೊಟೇಶನ್ ಮೇಲೆ ಜಿಎಸ್‌ಟಿ ನಂಬರ್ ಕಂಡರೆ ಸಾಕು, ಪಾರ್ಟಿ ಸರಿಯಾಗಿದೆ ಅಂತ ಬಹಳ ಜನ ನಂಬಿಬಿಡುತ್ತಾರೆ.

ನಂಬರ್ ಇದೆ ಅಂದರೆ ಎಲ್ಲೋ ಯಾರೋ ಒಬ್ಬರು ನೋಂದಣಿ ಮಾಡಿಸಿದ್ದಾರೆ ಅಂತಷ್ಟೇ ಅರ್ಥ. ಆ ಯಾರೋ ನಿಮ್ಮ ಹತ್ತಿರ ದುಡ್ಡು ಕೇಳುತ್ತಿರುವವರೇನಾ ಅಂತ ನೀವೇ ನೋಡಿಕೊಳ್ಳಬೇಕು. ಅದಕ್ಕೆ ಫೀಸ್ ಇಲ್ಲ, ಲಾಗಿನ್ ಬೇಡ, ಆಡಿಟರ್ ಹತ್ತಿರ ಹೋಗುವುದೂ ಬೇಡ. ಕರೆಂಟು ನೆಟ್‌ವರ್ಕು ಎರಡೂ ಇದ್ದರೆ ಮೊಬೈಲ್‌ನಲ್ಲೇ ಆಗುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಾಫಿ ಹುರಿಯುವ ಮೆಷಿನ್‌ಗೆ ಕೊಯಮತ್ತೂರಿನಿಂದ ಕೊಟೇಶನ್ ಬಂದಿದೆ. ಮೇಲೆ ದೊಡ್ಡದಾಗಿ ಪ್ರೈವೇಟ್ ಲಿಮಿಟೆಡ್ ಅಂತ ಹೆಸರಿದೆ. ಮೆಷಿನ್‌ಗೆ 1,50,000 ರೂಪಾಯಿ, ಐಜಿಎಸ್‌ಟಿ 18% ಅಂದರೆ 27,000, ಒಟ್ಟು 1,77,000. ಅರ್ಧ ಈಗಲೇ ಹಾಕಿ ಅಂತ ಕೇಳಿದ್ದಾರೆ. ನಂಬರ್ ಹೀಗಿದೆ:

```
33AAAPX0000A1ZR
```

ಇದು ನಾನು ಕಟ್ಟಿದ ನಂಬರ್. ಪ್ಯಾನ್‌ನಲ್ಲಿ 0000 ಅನ್ನುವ ಸರಣಿ ಬರುವುದಿಲ್ಲ, ಹಾಗಾಗಿ ಇದು ಯಾರದೂ ಅಲ್ಲ. ಹುಡುಕಿದರೂ ಸಿಗುವುದಿಲ್ಲ.

ಹುಡುಕುವ ಮುಂಚೆ ನಂಬರನ್ನೇ ಓದಿ

ಮೊದಲ ಎರಡು ಅಂಕಿ ರಾಜ್ಯದ್ದು. ಕರ್ನಾಟಕಕ್ಕೆ 29, ಕೇರಳಕ್ಕೆ 32, ತಮಿಳುನಾಡಿಗೆ 33. ಇಲ್ಲಿ 33 ಇದೆ, ಕೊಯಮತ್ತೂರು ಅಂದಿದ್ದಾರೆ, ಸರಿ ಹೋಯಿತು. ಬೇರೆ ರಾಜ್ಯದಿಂದ ಸರಕು ಕೊಡಗಿಗೆ ಬಂದರೆ ಬಿಲ್‌ನಲ್ಲಿ ಐಜಿಎಸ್‌ಟಿ ಇರಬೇಕು, ಅದೂ ಸರಿ ಇದೆ. ಮಾಕುಟ್ಟ ದಾಟಿ ಇರಿಟ್ಟಿ ಕಡೆಯಿಂದ ಬರುವ ಸರಕಿಗೆ 32ರ ನಂಬರ್ ಹಾಕಿ, ಕೆಳಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ಎರಡು ಭಾಗ ಮಾಡಿ ತೆರಿಗೆ ಹಾಕಿದ್ದರೆ ಆ ಬಿಲ್ಲನ್ನು ಅಲ್ಲೇ ನಿಲ್ಲಿಸಿ ಪ್ರಶ್ನೆ ಕೇಳಿ.

ಮುಂದಿನ ಹತ್ತು ಅಕ್ಷರ ಅವರ ಪ್ಯಾನ್. ಅದರಲ್ಲಿ ನಾಲ್ಕನೇ ಅಕ್ಷರ ಬಹಳ ಉಪಯೋಗದ್ದು. P ಇದ್ದರೆ ಒಬ್ಬ ವ್ಯಕ್ತಿ, F ಇದ್ದರೆ ಪಾಲುದಾರಿಕೆ, C ಇದ್ದರೆ ಕಂಪನಿ. ನಮ್ಮ ಉದಾಹರಣೆಯಲ್ಲಿ AAAPX, ಅಂದರೆ P. ಕೊಟೇಶನ್ ಮೇಲೆ ಪ್ರೈವೇಟ್ ಲಿಮಿಟೆಡ್ ಅಂತ ಇದೆ, ನಂಬರ್ ಮಾತ್ರ ಒಬ್ಬ ವ್ಯಕ್ತಿಯದು. ಇನ್ನೂ ವೆಬ್‌ಸೈಟ್ ತೆರೆದೇ ಇಲ್ಲ, ಆಗಲೇ ಒಂದು ಪ್ರಶ್ನೆ ಎದ್ದಿತು ನೋಡಿ.

ಪ್ಯಾನ್ ಆದ ಮೇಲೆ ಬರುವ ಅಕ್ಷರ, ಅದೇ ರಾಜ್ಯದಲ್ಲಿ ಅದೇ ಪ್ಯಾನ್‌ಗೆ ಇದು ಎಷ್ಟನೇ ನೋಂದಣಿ ಅಂತ ಹೇಳುತ್ತದೆ. ಆಮೇಲೆ ಸಾಮಾನ್ಯವಾಗಿ Z. ಕೊನೆಯದು ಅದಕ್ಕೂ ಮೊದಲಿನ ಹದಿನಾಲ್ಕರಿಂದ ಲೆಕ್ಕ ಹಾಕಿ ಬರುವ ಅಕ್ಷರ, ಟೈಪ್ ಮಾಡುವಾಗ ಒಂದು ಅಕ್ಷರ ತಪ್ಪಿದರೆ ಲೆಕ್ಕ ಕೂಡುವುದಿಲ್ಲ, ಸೈಟ್ ತಗೊಳ್ಳುವುದಿಲ್ಲ. ಹಾಗೆ ಆದರೆ ತಕ್ಷಣ ಮೋಸ ಅಂತ ತೀರ್ಮಾನಿಸಬೇಡಿ. ವಾಟ್ಸಾಪ್‌ನ ಮಸುಕು ಫೋಟೋದಲ್ಲಿ O ಮತ್ತು 0 ಒಂದೇ ತರ ಕಾಣುತ್ತವೆ. ಪ್ಯಾನ್ ಯಾವಾಗಲೂ ಐದು ಅಕ್ಷರ, ನಾಲ್ಕು ಅಂಕಿ, ಒಂದು ಅಕ್ಷರ. ಆ ಕ್ರಮದಲ್ಲಿ ನೋಡಿದರೆ ಎಲ್ಲಿ ಓ, ಎಲ್ಲಿ ಸೊನ್ನೆ ಅಂತ ಗೊತ್ತಾಗುತ್ತದೆ.

ಈಗ ಸೈಟ್‌ಗೆ ಹೋಗಿ

ಬ್ರೌಸರ್‌ನಲ್ಲಿ www.gst.gov.in ಅಂತ ನೀವೇ ಟೈಪ್ ಮಾಡಿ. ಸಪ್ಲೈಯರ್ ಕಳಿಸಿದ ಲಿಂಕ್ ಒತ್ತಬೇಡಿ, ಅವರೇ ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಸಮಾಧಾನವೂ ಪಡಬೇಡಿ. ಮೆನುವಿನಲ್ಲಿ Search Taxpayer, ಅದರೊಳಗೆ Search by GSTIN/UIN. ನಂಬರ್ ಹಾಕಿ, ಚಿತ್ರದಲ್ಲಿ ಕಾಣುವ ಕ್ಯಾಪ್ಚಾ ಹಾಕಿ, Search ಒತ್ತಿ.

ಒಂದು ಚೌಕಾಕಾರದ ಪಟ್ಟಿ ಬರುತ್ತದೆ. ಎಲ್ಲರ ಕಣ್ಣೂ ಮೊದಲು ಹೋಗುವುದು Status ಕಡೆಗೆ, ಅಲ್ಲಿ Active ಅಂತ ಕಂಡ ಕೂಡಲೇ ಪೇಜ್ ಮುಚ್ಚಿಬಿಡುತ್ತಾರೆ. ದಯವಿಟ್ಟು ಮುಚ್ಚಬೇಡಿ. ಬೇರೆಯವರ ನಂಬರ್ ಎತ್ತಿ ತಮ್ಮ ಕೊಟೇಶನ್‌ಗೆ ಹಾಕಿಕೊಂಡವರು ಚಾಲ್ತಿಯಲ್ಲಿರುವ ನಂಬರನ್ನೇ ಎತ್ತಿರುತ್ತಾರೆ, ಅಲ್ವಾ?

ಹೆಸರಿನಿಂದ ಶುರು ಮಾಡಿ. ಎರಡು ಹೆಸರು ಇರುತ್ತವೆ. Legal Name of Business ಅಂದರೆ ಪ್ಯಾನ್‌ನಲ್ಲಿರುವ ಹೆಸರು. Trade Name ಅಂದರೆ ಅಂಗಡಿಯ ಹೆಸರು, ಬೋರ್ಡ್ ಮೇಲೆ ಇರುವಂಥದ್ದು. ಒಬ್ಬರೇ ಮಾಲೀಕರಾದರೆ ಲೀಗಲ್ ನೇಮ್‌ನಲ್ಲಿ ಅವರ ಸ್ವಂತ ಹೆಸರೇ ಬರುತ್ತದೆ. ಗೋಣಿಕೊಪ್ಪದಲ್ಲಿ ವರ್ಷಗಳಿಂದ ನಿಮಗೆ ಗೊತ್ತಿರುವ ಅಂಗಡಿಯ ನಂಬರ್ ಹಾಕಿದಾಗ ಯಾರದೋ ವ್ಯಕ್ತಿಯ ಹೆಸರು ಬಂದರೆ ಗಾಬರಿ ಬೇಡ, ಟ್ರೇಡ್ ನೇಮ್ ಬಿಲ್ಲಿಗೆ ಹೊಂದಿದರೆ ಸರಿ. ಕಂಪನಿಯಾದರೆ ಮಾತ್ರ ಲೀಗಲ್ ನೇಮ್ ಬಿಲ್‌ನಲ್ಲಿರುವ ಹಾಗೇ ಇರಬೇಕು.

ನಮ್ಮ ಮೆಷಿನ್ ಪಾರ್ಟಿಯ ವಿಷಯಕ್ಕೆ ಬರೋಣ. ಲೀಗಲ್ ನೇಮ್‌ನಲ್ಲಿ ಒಬ್ಬರ ಹೆಸರು ಬಂತು ಅಂತಿಟ್ಟುಕೊಳ್ಳಿ. ಟ್ರೇಡ್ ನೇಮ್ ಕೊಟೇಶನ್‌ನ ಹೆಸರಿಗೆ ಹತ್ತಿರ ಇದೆ, ಆದರೆ ಪ್ರೈವೇಟ್ ಲಿಮಿಟೆಡ್ ಇಲ್ಲ. Constitution of Business ಎದುರು Proprietorship. ಸ್ಟೇಟಸ್ Active. Taxpayer Type ಎದುರು Composition.

ಈ ಕೊನೆಯದು ಇಡೀ ಕೊಟೇಶನ್ನನ್ನೇ ಅಲ್ಲಾಡಿಸುತ್ತದೆ. ಕಾಂಪೊಸಿಷನ್ ಅಂದರೆ ಸಣ್ಣ ವ್ಯಾಪಾರಿಗಳಿಗೆ ಇರುವ ಸರಳ ತೆರಿಗೆ ಯೋಜನೆ, ಅದರಲ್ಲಿರುವವರು ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡುವ ಹಾಗಿಲ್ಲ. ಬೇರೆ ರಾಜ್ಯಕ್ಕೆ ಸರಕು ಮಾರುವ ಹಾಗೂ ಇಲ್ಲ. ಅವರು ಕೊಡಬೇಕಾದದ್ದು ಬಿಲ್ ಆಫ್ ಸಪ್ಲೈ, ಅದರಲ್ಲಿ ತೆರಿಗೆಯ ಸಾಲೇ ಇರುವುದಿಲ್ಲ. ಇಲ್ಲಿ ನೋಡಿದರೆ ಕೊಡಗಿಗೆ ಮೆಷಿನ್ ಕಳಿಸುತ್ತೇವೆ ಅಂತ 27,000 ಐಜಿಎಸ್‌ಟಿ ಹಾಕಿದ್ದಾರೆ. ಆ ದುಡ್ಡು ನಿಮಗೆ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಸಿಗುವ ದಾರಿಯೇ ಇಲ್ಲ. ನಂಬರ್ ಚಾಲ್ತಿಯಲ್ಲಿದ್ದರೂ ಈ ಕೊಟೇಶನ್ ಈ ರೂಪದಲ್ಲಿ ನಿಲ್ಲುವುದಿಲ್ಲ.

ವಿಳಾಸ

Principal Place of Business ಅನ್ನುವುದು ನೋಂದಣಿಯಾದ ಮುಖ್ಯ ವಿಳಾಸ. ಇದನ್ನು ಬಿಲ್‌ನ ವಿಳಾಸದ ಜೊತೆ ಹೋಲಿಸುವಾಗ ಅಕ್ಷರಕ್ಕೆ ಅಕ್ಷರ ಹೊಂದಬೇಕು ಅಂತ ಹಟ ಬೇಡ. ಊರು, ಬೀದಿ, ಪಿನ್‌ಕೋಡ್ ಹೊಂದಬೇಕು. ನಮ್ಮಲ್ಲೇ ಕುಶಾಲನಗರ, ಪೊನ್ನಂಪೇಟೆ ಬೇರೆ ತಾಲ್ಲೂಕಾದವು, ಹಳೆಯ ನೋಂದಣಿಯಲ್ಲಿ ಸೋಮವಾರಪೇಟೆ ತಾಲ್ಲೂಕು, ವಿರಾಜಪೇಟೆ ತಾಲ್ಲೂಕು ಅಂತಲೇ ಉಳಿದಿರಬಹುದು. ಅದು ದೋಷವಲ್ಲ.

ಸರಕು ಬರುವುದು ಬೇರೆ ಗೋಡೌನ್‌ನಿಂದ ಅಂತ ಹೇಳಿದರೆ ನೋಂದಣಿ ಸರ್ಟಿಫಿಕೇಟ್ ಕೇಳಿ, ಫಾರ್ಮ್ ಹೆಸರು GST REG-06. ಅದರ ಅನೆಕ್ಷರ್ A ನಲ್ಲಿ ಹೆಚ್ಚುವರಿ ಜಾಗಗಳ ಪಟ್ಟಿ, B ನಲ್ಲಿ ಮಾಲೀಕರ ಅಥವಾ ಪಾಲುದಾರರ ವಿವರ ಇರುತ್ತದೆ. ಹತ್ತಿರದ ಅಂಗಡಿಯಾದರೆ ಇನ್ನೂ ಸುಲಭ. ಸರ್ಟಿಫಿಕೇಟ್ ಅಂಗಡಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು, ಬಾಗಿಲ ಬೋರ್ಡ್ ಮೇಲೆ ನಂಬರ್ ಇರಬೇಕು ಅಂತ ನಿಯಮವೇ ಇದೆ. ಸುಮ್ನೆ ಒಂದು ಫೋಟೋ ತೆಗೆದುಕೊಳ್ಳಿ.

Active ಬಿಟ್ಟು ಬೇರೆ ಬಂದರೆ

Suspended ಅಂತ ಬಂದರೆ ಒಂದೋ ಅವರೇ ನೋಂದಣಿ ರದ್ದಿಗೆ ಅರ್ಜಿ ಹಾಕಿದ್ದಾರೆ, ಇಲ್ಲ ಇಲಾಖೆ ರದ್ದು ಮಾಡುವ ಕ್ರಮ ಶುರು ಮಾಡಿದೆ. ಆ ಅವಧಿಯಲ್ಲಿ ಅವರು ತೆರಿಗೆ ಹಾಕಿ ಬಿಲ್ ಕೊಡುವಂತಿಲ್ಲ. Cancelled suo-moto ಅಂದರೆ ಅಧಿಕಾರಿಯೇ ರದ್ದು ಮಾಡಿದ್ದು, ಪಕ್ಕದಲ್ಲಿ ಯಾವ ದಿನದಿಂದ ಅಂತಲೂ ಇರುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಅಧಿಕಾರಿ ಇಂದು ಆದೇಶ ಮಾಡಿ, ಹಿಂದಿನ ತಾರೀಖಿನಿಂದ ರದ್ದು ಅಂತ ಬರೆಯಲು ಕಾನೂನಿನಲ್ಲಿ ಅವಕಾಶ ಇದೆ. ಅಂದರೆ ನೀವು ಕೊಂಡ ದಿನ Active ಇದ್ದ ನಂಬರ್, ಮುಂದೆ ಯಾವತ್ತೋ ನೋಡಿದಾಗ ಕೊಂಡ ದಿನಕ್ಕಿಂತ ಮುಂಚಿನಿಂದಲೇ ರದ್ದು ಅಂತ ತೋರಿಸಬಹುದು. ಅದಕ್ಕೇ ಹುಡುಕಿದ ದಿನವೇ ತಾರೀಖು ಕಾಣುವ ಹಾಗೆ ಪೇಜ್ ಪ್ರಿಂಟ್ ಮಾಡಿ ಬಿಲ್‌ಗೆ ಪಿನ್ ಮಾಡಿಡಿ. ಕ್ರೆಡಿಟ್ ಉಳಿಯುತ್ತದೆ ಅಂತ ಅದು ಗ್ಯಾರಂಟಿ ಕೊಡುವುದಿಲ್ಲ, ಆದರೆ ನೋಟಿಸ್ ಬಂದಾಗ ನೀವು ನೋಡಿಯೇ ಕೊಂಡಿರಿ ಅನ್ನುವುದಕ್ಕೆ ಕೈಯಲ್ಲಿ ದಾಖಲೆ ಇರುತ್ತದೆ.

ಅದೇ ಪೇಜ್‌ನ ಕೆಳಗೆ Show Filing Table ಇದೆ. ಒತ್ತಿದರೆ GSTR-1, GSTR-3B ಯಾವಾಗ ಸಲ್ಲಿಸಿದ್ದಾರೆ ಅಂತ ಬರುತ್ತದೆ. ವಾರ್ಷಿಕ ವಹಿವಾಟು 5 ಕೋಟಿಯ ಒಳಗಿನವರು ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಆಯ್ಕೆ ಮಾಡಿಕೊಂಡಿರಬಹುದು, ಆಗ ನಡುವಿನ ತಿಂಗಳ ಸಾಲು ಕಾಣದಿದ್ದರೆ ತಪ್ಪಿಲ್ಲ. ಆದರೆ ಒಂದು ಅವಧಿಯ GSTR-1 ಬಂದಿದ್ದು, ಕೊನೆಯ ದಿನ ದಾಟಿದರೂ ಅದೇ ಅವಧಿಯ GSTR-3B ಬಾರದಿದ್ದರೆ ಹುಷಾರಾಗಿ. ಮಾರಿದ್ದನ್ನು ತೋರಿಸಿದ್ದಾರೆ, ತೆರಿಗೆ ಕಟ್ಟಿಲ್ಲ ಅಂತ ಅದರ ಅರ್ಥ.

ನಂಬರ್ ಇಲ್ಲದವರೆಲ್ಲ ಕಳ್ಳರು ಅಂತ ಮಾತ್ರ ಅಂದುಕೊಳ್ಳಬೇಡಿ. ತಮ್ಮ ತೋಟದ ಕಾಫಿ, ಮೆಣಸು ಮಾರುವ ಬೆಳೆಗಾರರಿಗೆ ನೋಂದಣಿ ಕಡ್ಡಾಯ ಅಲ್ಲ. ರಾಜ್ಯದೊಳಗೇ ಸರಕು ಮಾರುವ ಸಣ್ಣ ವ್ಯಾಪಾರಿಗೂ ವರ್ಷಕ್ಕೆ 40 ಲಕ್ಷದವರೆಗೆ ಸಾಮಾನ್ಯವಾಗಿ ಬೇಡ. ನಂಬರ್ ಇಲ್ಲದೆ ತೆರಿಗೆ ಕೇಳುವುದು ಮಾತ್ರ ತಪ್ಪು.

ಮೆಷಿನ್ ಪಾರ್ಟಿಗೆ ಏನು ಹೇಳುವುದು

ಜಗಳ ಬೇಡ, ನೇರವಾಗಿ ಕೇಳಿ. "ಸಾರ್, ಕೊಟೇಶನ್ ಕಂಪನಿ ಹೆಸರಲ್ಲಿದೆ, ನಂಬರ್ ಪ್ರೊಪ್ರೈಟರ್‌ದು, ಅದೂ ಕಾಂಪೊಸಿಷನ್. ಸರಿಯಾದ ನಂಬರ್ ಹಾಕಿ ಹೊಸ ಪ್ರೊಫಾರ್ಮಾ ಕಳಿಸಿ, ಸರ್ಟಿಫಿಕೇಟ್ ಮತ್ತು ಕ್ಯಾನ್ಸಲ್ ಮಾಡಿದ ಚೆಕ್ ಜೊತೆಗೆ ಇರಲಿ." ಪ್ರಾಮಾಣಿಕ ಕಾರಣ ಇರಲೂಬಹುದು. ಒಬ್ಬರೇ ನಡೆಸುತ್ತಿದ್ದ ವ್ಯಾಪಾರವನ್ನು ಕಂಪನಿ ಮಾಡಿದರೆ ಪ್ಯಾನ್ ಬದಲಾಗುತ್ತದೆ, ಜಿಎಸ್‌ಟಿ ನಂಬರೂ ಹೊಸದಾಗುತ್ತದೆ, ಹಳೆಯ ಲೆಟರ್‌ಹೆಡ್‌ನಲ್ಲಿ ಹಳೆಯದೇ ಉಳಿದಿರಬಹುದು. ಹೊಸ ನಂಬರ್ ಬಂದಾಗ ನಾಲ್ಕನೇ ಅಕ್ಷರ C ಇದೆಯಾ ನೋಡಿ, ಮತ್ತೆ ಮೊದಲಿನಿಂದ ಹುಡುಕಿ. ಇವತ್ತೇ ಹಾಕದಿದ್ದರೆ ರೇಟ್ ಜಾಸ್ತಿ ಆಗುತ್ತದೆ ಅಂತ ಅವಸರ ಮಾಡುತ್ತಾ ನಂಬರ್ ಮಾತ್ರ ಕೊಡದಿದ್ದರೆ ಆ ಮೆಷಿನ್ ಬಿಟ್ಟುಬಿಡಿ.

ಬ್ಯಾಂಕ್ ಖಾತೆ ಯಾರದು ಅಂತ ಜಿಎಸ್‌ಟಿ ಸೈಟ್ ತೋರಿಸುವುದಿಲ್ಲ. ಚೆಕ್ ಕೇಳುವುದು ಅದಕ್ಕೇ. ಚೆಕ್ ಮೇಲಿನ ಹೆಸರು ಲೀಗಲ್ ನೇಮ್ ಅಥವಾ ಟ್ರೇಡ್ ನೇಮ್‌ಗೆ ಹೊಂದಬೇಕು. ಕಂಪನಿಯ ಬಿಲ್‌ಗೆ ಯಾರದೋ ಸ್ವಂತ ಖಾತೆಗೋ ಫೋನ್‌ಪೇ ನಂಬರ್‌ಗೋ ಹಾಕಿ ಅಂದರೆ ಹಾಕಬೇಡಿ.

ಮೆಷಿನ್ ಬಂದು, ಬಾಕಿ ಅರ್ಧ ಕೊಡುವ ಮುಂಚೆ ಇನ್ನೊಮ್ಮೆ ನಂಬರ್ ಹಾಕಿ ಸ್ಟೇಟಸ್ ನೋಡಿ. ಸಾಧ್ಯವಾದರೆ ಬಿಲ್‌ನ ತೆರಿಗೆಯಷ್ಟು ಮೊತ್ತವನ್ನು, ಇಲ್ಲಿ 27,000, ಮುಂದಿನ ತಿಂಗಳ 14ರವರೆಗೆ ತಡೆಹಿಡಿಯುವ ಮಾತನ್ನು ಮೊದಲೇ ಆಡಿಕೊಳ್ಳಿ. ಅವತ್ತು ನಿಮ್ಮ GSTR-2B, ಅಂದರೆ ಸಪ್ಲೈಯರ್‌ಗಳು ನಿಮ್ಮ ನಂಬರ್‌ಗೆ ತೋರಿಸಿದ ಬಿಲ್‌ಗಳ ಪಟ್ಟಿ, ಸಿದ್ಧವಾಗುತ್ತದೆ. ಅವರು ಬಿಲ್ಲನ್ನು ಸಮಯಕ್ಕೆ ಸರಿಯಾಗಿ ತೋರಿಸಿದ್ದರೆ ಅದರಲ್ಲಿ ಬಂದಿರುತ್ತದೆ. ಬಂದ ಮೇಲೆ ಆ ದುಡ್ಡು ಕಳಿಸಿ.