ನಾಲ್ಕು ವಾಕ್ಯಗಳ ಸಂತಾಪ ಸಂದೇಶ: ನನ್ನ ಅನುಭವ

ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಸಹೋದ್ಯೋಗಿಗೆ ನಾಲ್ಕು ವಾಕ್ಯ, ಹೆಚ್ಚೆಂದರೆ ನಲವತ್ತು ಪದ ಸಾಕು ಎಂದು ನಾನು ಹೇಳಿದಾಗ, ವಿಭಾಗದ ಹಿರಿಯರು ಅದನ್ನು ಒಣ ಸಂದೇಶವೆಂದು ತಳ್ಳಿಹಾಕಿದ್ದರು. ಈಗ ಅವರೇ ತಮ್ಮ ಕರಡನ್ನು ಕಳುಹಿಸುವ ಮೊದಲು ನನಗೆ ತೋರಿಸುತ್ತಾರೆ.

ಅದಕ್ಕೂ ಮೊದಲು ನಡೆದ ಪ್ರಯತ್ನಗಳಿಗೆ ಹಣವೂ ಖರ್ಚಾಗಿತ್ತು. ಕಚೇರಿಯಿಂದ ಮುದ್ರಿಸಿದ ಸಂತಾಪದ ಕಾರ್ಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಪಾಟಿನಲ್ಲೇ ಹಳದಿಯಾದವು, ಏಕೆಂದರೆ ಎಲ್ಲರಿಗೂ ಒಪ್ಪುವಂತೆ ಬರೆದ ಒಕ್ಕಣೆ ಯಾರ ಮನೆಯ ಸಾವಿಗೂ ಹೊಂದುತ್ತಿರಲಿಲ್ಲ. ಬಳಿಕ ಹೂವಿಗೂ ಸಹಾಯಕ್ಕೂ ವಂತಿಗೆ ಎತ್ತುವ ಪದ್ಧತಿ ಬಂತು. ಯಾರು ಎಷ್ಟು ಕೊಟ್ಟರೆಂಬ ಪಟ್ಟಿಯೂ ಹಣದ ಜೊತೆಗೇ ಹೋಗುತ್ತಿದ್ದುದರಿಂದ, ದುಃಖದಲ್ಲಿದ್ದವರಿಗೆ ಅದೊಂದು ತೀರಿಸಬೇಕಾದ ಸಾಲದಂತೆ ಕಾಣುತ್ತಿತ್ತು. ಮೊಬೈಲ್ ಗುಂಪಿನಲ್ಲಿ ಒಬ್ಬರು ಹಾಕಿದ ಸಂತಾಪದ ಸಾಲನ್ನು ಉಳಿದ ಇಪ್ಪತ್ತು ಮೂವತ್ತು ಮಂದಿ ನಕಲು ಮಾಡುವುದಕ್ಕೆ ಖರ್ಚೇನೂ ಇಲ್ಲವಾದರೂ, ಅದನ್ನು ಕೊನೆಯವರೆಗೆ ಓದಿದವರನ್ನು ನಾನು ಕಂಡಿಲ್ಲ.

ಲೆಕ್ಕಪತ್ರ ವಿಭಾಗದ ಸಹೋದ್ಯೋಗಿಯೊಬ್ಬರ ತಂದೆ ದೀರ್ಘ ಕಾಯಿಲೆಯಿಂದ ತೀರಿಕೊಂಡಾಗ ನನ್ನ ಕೈಗೆ ಬಂದ ಕರಡು ಒಂದು ಪುಟದಷ್ಟಿತ್ತು. ‘ನಿಮ್ಮ ನೋವು ನಮಗೆ ಅರ್ಥವಾಗುತ್ತದೆ’ ಎಂಬುದನ್ನು ಮೊದಲು ಹೊಡೆದುಹಾಕಿದೆ. ಅದು ಬರೆಯುವವರನ್ನು ಮುಂದೆ ತರುತ್ತದೆ. ‘ವಯಸ್ಸಾಗಿತ್ತು, ನರಳಾಟದಿಂದ ಬಿಡುಗಡೆ ಸಿಕ್ಕಿತು’ ಎಂಬುದನ್ನೂ ತೆಗೆದೆ. ಅದು ನಿಜವೇ ಇರಬಹುದು, ಆದರೆ ಆ ಮಾತನ್ನು ಆಡುವ ಹಕ್ಕು ಮಗಳದು, ನಮ್ಮದಲ್ಲ. ‘ಏನಾದರೂ ಬೇಕಿದ್ದರೆ ತಿಳಿಸಿ’ ಎಂಬ ಸಾಲನ್ನು ಬಿಡಲು ಎಲ್ಲರೂ ಹಿಂಜರಿದರು. ಆದರೆ ಏನು ಬೇಕೆಂದು ಯೋಚಿಸಿ, ಯಾರನ್ನು ಕೇಳುವುದೆಂದು ಆರಿಸಿ, ಕೇಳುವ ಸಂಕೋಚವನ್ನೂ ನುಂಗುವ ಕೆಲಸವನ್ನು ಅದು ದುಃಖದಲ್ಲಿರುವವರ ಮೇಲೆಯೇ ಹೊರಿಸುತ್ತದೆ. ವಂತಿಗೆಯ ಪ್ರಸ್ತಾಪವನ್ನು ಪೂರ್ತಿ ಕೈಬಿಟ್ಟು, ಹಣವನ್ನು ಪಟ್ಟಿಯಿಲ್ಲದೆ ಬೇರೆಯಾಗಿ ತಲುಪಿಸುವಂತೆ ಹೇಳಿದೆ. ಕೊನೆಗೆ ಉಳಿದದ್ದು ಇಷ್ಟು:

‘ಮೇಡಂ, ನಿಮ್ಮ ತಂದೆಯವರು ತೀರಿಕೊಂಡ ಸುದ್ದಿ ಬೆಳಿಗ್ಗೆ ತಿಳಿದು ತುಂಬ ದುಃಖವಾಯಿತು. ವರ್ಷಾಂತ್ಯದ ಲೆಕ್ಕದ ದಿನಗಳಲ್ಲಿ ನೀವು ಎಷ್ಟು ತಡವಾಗಿ ಮನೆ ಸೇರಿದರೂ ಅವರು ಬಾಗಿಲು ತೆರೆಯಲು ಎಚ್ಚರವಾಗಿರುತ್ತಿದ್ದರೆಂದು ನೀವು ಹೇಳಿದ್ದು ನನಗೆ ನೆನಪಿದೆ. ಈ ತಿಂಗಳ ಸಂಬಳದ ಪಟ್ಟಿಯನ್ನು ನಾವು ಮುಗಿಸಿ ಸಹಿಗೆ ಕಳುಹಿಸುತ್ತೇವೆ, ಅದರ ಯೋಚನೆ ಬೇಡ. ಇದಕ್ಕೆ ಉತ್ತರಿಸುವ ಅಗತ್ಯವಿಲ್ಲ.’

ಇದರಲ್ಲಿ ಆಪ್ತತೆಯ ಭಾರವನ್ನೆಲ್ಲ ಹೊತ್ತಿರುವುದು ಎರಡನೆಯ ವಾಕ್ಯ. ‘ಅವರು ಮಹಾನ್ ವ್ಯಕ್ತಿಯಾಗಿದ್ದರು’ ಎಂದು ಯಾರ ತಂದೆಯ ಬಗ್ಗೆಯಾದರೂ ಬರೆಯಬಹುದು, ಬಾಗಿಲ ಬಳಿ ಎಚ್ಚರವಾಗಿದ್ದವರು ಒಬ್ಬರೇ. ಆ ವಿವರ ಸಹೋದ್ಯೋಗಿಯ ಬಾಯಿಂದಲೇ ಬಂದಿರಬೇಕು. ಅಂಥ ವಿವರಗಳು ಬೇಕಾದಾಗ ನನಗೆ ಹೇಗೆ ಒದಗುತ್ತವೆ ಎಂಬುದನ್ನು ನಾನು ಯಾರಿಗೂ ಬಿಟ್ಟುಕೊಟ್ಟಿಲ್ಲ, ಇಲ್ಲಿಯೂ ಬಿಟ್ಟುಕೊಡುವುದಿಲ್ಲ. ಏನೂ ಗೊತ್ತಿಲ್ಲದಿದ್ದರೆ ಕಟ್ಟಿ ಬರೆಯದೆ ಮೂರೇ ವಾಕ್ಯಕ್ಕೆ ನಿಲ್ಲಿಸಬೇಕು. ತಂದೆಯೊಂದಿಗೆ ಮಾತು ಬಿಟ್ಟಿದ್ದ ಸಹೋದ್ಯೋಗಿಗಂತೂ ಈ ವಾಕ್ಯ ಸಲ್ಲದು. ಹಾಗೆಯೇ ಮೂರನೆಯ ವಾಕ್ಯದಲ್ಲಿ ಕೆಲಸದ ಹೆಸರನ್ನು ಬರೆಯುವ ಮೊದಲು ಅದನ್ನು ಯಾರು ಮಾಡುತ್ತಾರೆಂದು ಗೊತ್ತುಮಾಡಿಕೊಳ್ಳಬೇಕು. ಮಾತು ಕೊಟ್ಟ ಕೆಲಸ ಬಾಕಿ ಉಳಿದು, ಅದರ ವಿಚಾರಣೆಯ ಕರೆ ಅವರಿಗೇ ಹೋದರೆ, ಬರೆದ ಸಂದೇಶಕ್ಕೆ ಬೆಲೆಯಿಲ್ಲ.

ಸಂದೇಶ ಮುಟ್ಟಿತೆಂದು ತಿಳಿಯುವುದು ‘ಧನ್ಯವಾದಗಳು’ ಎಂಬ ಉತ್ತರದಿಂದಲ್ಲ; ಅದನ್ನು ಎಲ್ಲರಿಗೂ ಕಳುಹಿಸುತ್ತಾರೆ. ಆ ಸಹೋದ್ಯೋಗಿ ಕೆಲಸಕ್ಕೆ ಮರಳಿ ಸುಮಾರು ಒಂದು ವಾರವಾದ ಮೇಲೆ ತಾವಾಗಿಯೇ ತಂದೆಯ ವಿಷಯ ತೆಗೆದು, ಬಾಗಿಲ ಚಿಲಕದ ಸದ್ದಿಗೆ ತಾಯಿ ಈಗಲೂ ಎದ್ದು ಕೂರುತ್ತಾರೆಂದು ಹೇಳಿದರು. ಒಣ ಸಂದೇಶವೆಂದಿದ್ದ ಹಿರಿಯರೂ ಆಗ ಅಲ್ಲೇ ಇದ್ದರು.

ನಡುವೆ ಕೈಬರಹದ ಚೀಟಿಯನ್ನೂ ಪರೀಕ್ಷಿಸಿ ನೋಡಿದೆ. ಅದೇ ನಾಲ್ಕು ವಾಕ್ಯ ಕಾಗದದ ಮೇಲೆ ಇನ್ನಷ್ಟು ಆಪ್ತವಾಗಿ ಕಾಣುತ್ತದೆ, ಆದರೆ ತಲುಪುವಷ್ಟರಲ್ಲಿ ಸಂಬಳದ ಪಟ್ಟಿಯ ಚಿಂತೆ ಅವರನ್ನು ಕಾಡಿ ಮುಗಿದಿರುತ್ತದೆ. ಆದ್ದರಿಂದ ಮೊದಲ ದಿನ ಮೊಬೈಲ್ ಸಂದೇಶ, ಒಂದು ತಿಂಗಳ ಆಸುಪಾಸಿನಲ್ಲಿ ಎರಡು ಸಾಲಿನ ಚೀಟಿ ಎಂದು ಹಂಚಿಕೊಂಡಿದ್ದೇನೆ. ಆ ಹೊತ್ತಿಗೆ ಉಳಿದವರೆಲ್ಲ ವಿಚಾರಿಸುವುದನ್ನು ನಿಲ್ಲಿಸಿರುತ್ತಾರೆ. ಸಂಗಾತಿಯನ್ನೋ ಮಗುವನ್ನೋ ಕಳೆದುಕೊಂಡವರಿಗೆ ಮಾತ್ರ ಈ ಅಳತೆಯನ್ನು ನಾನು ಬಳಸುವುದಿಲ್ಲ. ಅಲ್ಲಿಗೆ ಸಂದೇಶ ಕಳುಹಿಸದೆ ನೇರವಾಗಿ ಹೋಗುತ್ತೇನೆ.