ಎಷ್ಟು ಗಿಡ ಉಳೀತು?

ಕಾಫಿ ಗಿಡದ ಕಾಂಡ ಕೊರೆಯುವ ಬಿಳಿ ಕಾಂಡಕೊರಕ, ಅಂದರೆ ತೋಟದವರು ಬೋರರ್ ಎನ್ನುವ ಹುಳದ ಮೇಲೆ ಏಳು ವರ್ಷ ಕೆಲಸ ಮಾಡಿದವನು ನಾನು. ಕಂಪನಿಗಳಿಗೆ ಅರ್ಜಿ ಹಾಕಲು ಶುರು ಮಾಡಿದಾಗ ನನ್ನ ಸಿವಿ ಹನ್ನೊಂದು ಪುಟ ಇತ್ತು. ನಾಲ್ಕು ಪುಟ ಬರೀ ಪೇಪರ್‌ಗಳ ಪಟ್ಟಿ. ಐದು ತಿಂಗಳು ಒಂದು ಫೋನೂ ಬರಲಿಲ್ಲ.

ಮೂಡಿಗೆರೆ ಹತ್ತಿರ ತೋಟ ಇರುವ ಭಾವ ಒಂದು ಸಂಜೆ ಅದನ್ನು ತಿರುವಿ ಹಾಕಿ ಕೇಳಿದರು: "ಇಷ್ಟೆಲ್ಲಾ ಬರ್ದಿದ್ದೀಯಲ್ಲೋ ಮಾರಾಯ, ಕೊನೆಗೆ ಎಷ್ಟು ಗಿಡ ಉಳೀತು?"

ಉತ್ತರ ನನ್ನದೇ ಪೇಪರಿನ ಮೂರನೇ ಟೇಬಲ್‌ನಲ್ಲಿತ್ತು. ಮಾಮೂಲಿ ಕ್ರಮದ ಪ್ಲಾಟ್‌ಗಳಲ್ಲಿ ಸಾವಿರಕ್ಕೆ 62 ಅರೇಬಿಕಾ ಗಿಡಕ್ಕೆ ಬೋರರ್ ಬಿದ್ದಿತ್ತು. ವಾಸನೆಯಿಂದ ಹುಳ ಸೆಳೆಯುವ ಮೋಹಕ ಬಲೆಗೆ ಬಿದ್ದವನ್ನು ಎಣಿಸಿ, ಅವು ಹಾರುವ ಹೊತ್ತಿಗೆ ಸರಿಯಾಗಿ ಕಾಂಡಕ್ಕೆ ಸುಣ್ಣ ಬಳಿದ ಕಡೆ 38. ಪೇಪರಿನಲ್ಲಿ "ಗಣನೀಯ ವ್ಯತ್ಯಾಸ" ಎಂದು ಬರೆದು ಸುಮ್ನಾಗಿದ್ದೆ. ಆರಡಿಗೆ ಆರಡಿ ಅಂತರದಲ್ಲಿ ಎಕರೆಗೆ 1,210 ಗಿಡ. ಅಂದರೆ ಎಕರೆಗೆ ಸುಮಾರು 29 ಗಿಡ ಉಳಿಯಿತು. ಬೋರರ್ ಬಿದ್ದ ಗಿಡ ಕಿತ್ತು ಸುಟ್ಟು ಹೊಸದು ನೆಟ್ಟರೆ ಫಸಲಿಗೆ ಮೂರು-ನಾಲ್ಕು ವರ್ಷ ಕಾಯಬೇಕು. ಹಾಗಾಗಿ 29 ಸಣ್ಣ ಸಂಖ್ಯೆಯಲ್ಲ.

ಅನುದಾನದ ಸಾಲು ಇನ್ನೂ ಕೆಟ್ಟದಾಗಿತ್ತು. "28 ಲಕ್ಷದ ಯೋಜನೆ ತಂದಿದ್ದೇನೆ" ಎಂದು ಜಂಬದಿಂದ ಬರೆದಿದ್ದೆ. ಕಂಪನಿಯವರಿಗೆ ಅದು ಮಾರಾಟದ ದುಡ್ಡಲ್ಲ, ಅಲ್ವಾ? ಅದೂ ಅಲ್ಲದೆ ನಾನು ಆ ಯೋಜನೆಯ ಸಹ-ಸಂಶೋಧಕ ಅಷ್ಟೇ, ಮುಖ್ಯಸ್ಥನಲ್ಲ; ನನ್ನ ಕೈಲಿದ್ದದ್ದು ಹೊಲದ ಪ್ರಯೋಗದ 11 ಲಕ್ಷ ಮಾತ್ರ. ಹಳೆಯ ಗೈಡ್‌ಗೆ ಒಂದು ಫೋನ್ ಮಾಡಿದರೆ ಬಣ್ಣ ಬಯಲು. ಕೊನೆಗೆ ಹೀಗೆ ಬರೆದೆ: "12 ತೋಟ, 4 ಜನ, 3 ವರ್ಷ, 11 ಲಕ್ಷದ ಖರ್ಚು ನಿರ್ವಹಣೆ. ಎರಡನೇ ಕಂತು 7 ತಿಂಗಳು ತಡವಾದರೂ ಒಂದು ಹಾರಾಟದ ಕಾಲವೂ ತಪ್ಪದಂತೆ ಪ್ರಯೋಗ ನಡೆಸಿದೆ." ಈ ಹುಳ ಏಪ್ರಿಲ್-ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಾರುತ್ತದೆ. ಮಂಜೂರಾತಿ ಪತ್ರಕ್ಕೆ ಅದು ಕಾಯುವುದಿಲ್ಲ.

ಹೊಸ ಸಿವಿ ಎರಡು ಪುಟ. ಮೂರನೇ ವಾರಕ್ಕೆ ಇಂಟರ್‌ವ್ಯೂ ಬಂತು. ಅಲ್ಲೂ ಎಡವಿದೆ. ಗಿಡದ ಲೆಕ್ಕ ಬಿಟ್ಟು "ಬೋರರ್ ಶೇ 39 ಕಡಿಮೆ" ಎಂದಷ್ಟೇ ಹಾಕಿದ್ದೆ, ದೊಡ್ಡದಾಗಿ ಕಾಣಲಿ ಎಂದು. "ಯಾವುದಕ್ಕೆ ಹೋಲಿಸಿ? ಆಳು ಎಷ್ಟು ಜಾಸ್ತಿ ಬಿತ್ತು?" ಎಂದರು. ಮೊದಲನೆಯದಕ್ಕೆ ಉತ್ತರ ಇತ್ತು. ಎರಡನೆಯದಕ್ಕೆ ಇರಲಿಲ್ಲ. ಕೂಲಿ ಯೋಜನೆಯ ಖಾತೆಯಿಂದ ಹೋಗುತ್ತಿತ್ತು, ನಾನು ಎಣಿಸಿಯೇ ಇರಲಿಲ್ಲ. ಆ ಕೆಲಸ ಸಿಗಲಿಲ್ಲ.

ಮರುದಿನ ಭಾವನ ಜೊತೆ ಪ್ರಯೋಗ ನಡೆದ ತೋಟಗಳಿಗೆ ಹೋಗಿ, ಆಳುಗಳ ಹಾಜರಿ ಬರೆದಿಡುವ ಹಳೆಯ ಚೆಕ್‌ರೋಲ್ ತೆಗೆಸಿ ಕೂತೆ. ಎಕರೆಗೆ ವರ್ಷಕ್ಕೆ ಎರಡು ಆಳು ಜಾಸ್ತಿ. 29 ಗಿಡದ ಪಕ್ಕ ಅದನ್ನೂ ಬರೆದೆ. ಈಗಿನ ಕಂಪನಿಯವರು ಇಂಟರ್‌ವ್ಯೂನಲ್ಲಿ ಅರ್ಧ ಗಂಟೆ ಮಾತಾಡಿದ್ದು ಆ ಒಂದು ಸಾಲಿನ ಬಗ್ಗೆಯೇ. ಪೇಪರ್‌ಗಳನ್ನು ಯಾರೂ ಕೇಳಲಿಲ್ಲ.