ನೋಟಿಸ್ ಪೀರಿಯಡ್ ಕಡಿಮೆ ಮಾಡಿ ಅಂತ ಮ್ಯಾನೇಜರ್ ಹತ್ತಿರ ಕೇಳಿದ್ದು ಹೀಗೆ

ನಾನು ಆಗ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೆ. ಅಪಾಯಿಂಟ್‌ಮೆಂಟ್ ಲೆಟರ್ ಪ್ರಕಾರ ನೋಟಿಸ್ ಪೀರಿಯಡ್ 60 ದಿನ. ಹೊಸ ಕಂಪನಿಯವರು ಜುಲೈ 1ಕ್ಕೆ ಬಂದು ಸೇರಿ ಅಂದರು. ಜೂನ್ 3ಕ್ಕೆ ರಾಜೀನಾಮೆ ಕೊಟ್ಟರೆ ಅರವತ್ತು ದಿನ ಮುಗಿಯೋದು ಆಗಸ್ಟ್ 2ಕ್ಕೆ. ಎರಡು ತಾರೀಖಿನ ನಡುವೆ ಒಂದು ತಿಂಗಳಿಗಿಂತ ಜಾಸ್ತಿ ಅಂತರ ಇತ್ತು.

ಇಂಥ ಹೊತ್ತಿನಲ್ಲಿ ಸೀದಾ ಮ್ಯಾನೇಜರ್ ಹತ್ತಿರ ಹೋಗಿ "ಒಂದು ತಿಂಗಳು ಕಡಿಮೆ ಮಾಡಿ" ಅಂತ ಕೇಳೋರೇ ಜಾಸ್ತಿ. ನಾನು ಮೊದಲು ಫೋನ್ ಮಾಡಿದ್ದು ಹೊಸ ಕಂಪನಿಯ ಎಚ್‌ಆರ್‌ಗೆ. "ಜುಲೈ 1ಕ್ಕೇ ಬರಬೇಕು ಅನ್ನೋದಕ್ಕೆ ಏನಾದರೂ ಕಾರಣ ಇದೆಯಾ? ಆ ದಿನ ಯಾವ ಕೆಲಸ ಶುರುವಾಗುತ್ತೆ?" ಅಂತ ಕೇಳಿದೆ. ಅವರು ವಿಚಾರಿಸಿ ಮಾರನೇ ದಿನ ಹೇಳಿದರು. ಅವರ ಅಕೌಂಟ್ಸ್ ಹೊಸ ಸಾಫ್ಟ್‌ವೇರ್‌ಗೆ ಬದಲಾಗೋದಿತ್ತು, ಆ ಕೆಲಸ ಶುರುವಾಗೋದು ಜುಲೈ 15ಕ್ಕೆ. ಅಷ್ಟರೊಳಗೆ ನಾನು ಅಲ್ಲಿ ಇರಬೇಕು, ಅಷ್ಟೇ. ಜುಲೈ 1 ಅಂದದ್ದು ತಿಂಗಳ ಮೊದಲ ದಿನ ಅನ್ನೋ ಅನುಕೂಲಕ್ಕೆ. ಒಂದೇ ಒಂದು ಪ್ರಶ್ನೆಯಿಂದ ನನಗೆ ಸುಮಾರು ಎರಡು ವಾರ ಸಿಕ್ಕಿತು. ಆದರೂ ಆಗ ನಾನು ಯಾವ ತಾರೀಖಿಗೂ ಒಪ್ಪಿಕೊಳ್ಳಲಿಲ್ಲ. "ನನ್ನ ಮ್ಯಾನೇಜರ್ ಜೊತೆ ಮಾತಾಡಿ ಒಂದು ವಾರದೊಳಗೆ ಖಚಿತ ಮಾಡ್ತೀನಿ" ಅಂದೆ. ಈ ಕಡೆ ಬಿಡುಗಡೆ ಆಗದೆ ಆ ಕಡೆ ಮಾತು ಕೊಟ್ಟರೆ, ಆಮೇಲೆ ಮ್ಯಾನೇಜರ್ ಮುಂದೆ ಕೂತಾಗ ನಮಗೆ ಚೌಕಾಸಿ ಮಾಡೋಕೆ ಜಾಗವೇ ಇರೋದಿಲ್ಲ.

ಆಮೇಲೆ ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ನೋಟಿಸಿನ ಷರತ್ತು ನಿಧಾನಕ್ಕೆ ಓದಿದೆ. ಅಲ್ಲಿ ನೋಡಬೇಕಾದ್ದು ದಿನಗಳ ಸಂಖ್ಯೆಯೊಂದನ್ನೇ ಅಲ್ಲ. "ನೋಟಿಸ್ ಕೊಡಬೇಕು ಅಥವಾ ಅಷ್ಟು ದಿನದ ಸಂಬಳ ಕಟ್ಟಬೇಕು" ಅಂತ ಮಾತ್ರ ಇದ್ದರೆ, ದುಡ್ಡು ಕಟ್ಟಿ ಹೋಗುವ ದಾರಿ ಸ್ವಲ್ಪ ಸಲೀಸು. ನನ್ನ ಲೆಟರ್‌ನಲ್ಲಿ ಅದರ ಮುಂದೆ ಇನ್ನೊಂದು ವಾಕ್ಯ ಇತ್ತು: ಬೇಗ ಬಿಡುಗಡೆ ಮಾಡುವುದು ಕಂಪನಿಯ ತೀರ್ಮಾನಕ್ಕೆ ಬಿಟ್ಟದ್ದು ಅಂತ. ಅಂದರೆ ದುಡ್ಡು ಕೊಡ್ತೀನಿ ಅಂದ ಮಾತ್ರಕ್ಕೆ ಬಿಡಬೇಕಾಗಿಲ್ಲ. ಮ್ಯಾನೇಜರ್ ಶಿಫಾರಸು ಮಾಡಬೇಕು, ಎಚ್‌ಆರ್ ಒಪ್ಪಬೇಕು. ಹಾಗಾಗಿ ಮ್ಯಾನೇಜರ್ ಹತ್ತಿರ ದುಡ್ಡಿನ ವಿಷಯದಿಂದ ಮಾತು ಶುರು ಮಾಡಬಾರದು ಅಂತ ನಿರ್ಧಾರ ಮಾಡಿದೆ. ಅವರಿಗೆ ಬೇಕಾದ್ದು ಕೆಲಸ, ನನ್ನ ದುಡ್ಡಲ್ಲ.

ಆ ಕೆಲಸ ಯಾವುದು ಅನ್ನೋದು ಮುಂದಿನ ಪ್ರಶ್ನೆ. ನಾನು ಮಾಡ್ತಿದ್ದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆ. ವೆಂಡರ್ ಬಿಲ್ ಎಂಟ್ರಿಯನ್ನು ಯಾರಾದರೂ ಎರಡು ದಿನದಲ್ಲಿ ಕಲಿಯಬಹುದು. ಬ್ಯಾಂಕ್ ಲೆಕ್ಕ ತಾಳೆ ಹಾಕೋದು ನನ್ನ ಪಕ್ಕದಲ್ಲಿ ಕೂರೋ ಸಹೋದ್ಯೋಗಿಗೆ ಆಗಲೇ ಗೊತ್ತಿತ್ತು. ನಾನಿಲ್ಲದೆ ನಿಲ್ಲೋದು ಒಂದೇ ಕೆಲಸ: ತಿಂಗಳ ಕ್ಲೋಸಿಂಗ್. ಬಿಲ್ ಬಾರದ ಖರ್ಚುಗಳಿಗೆ ಅಂದಾಜು ಹಾಕಿ ಎಂಟ್ರಿ ಮಾಡೋದು, ಹಿಂದಿನ ತಿಂಗಳ ಅಂದಾಜನ್ನು ತಿರುಗಿಸೋದು, ಎಲ್ಲ ಸೇರಿಸಿ ರಿಪೋರ್ಟ್ ಕಳಿಸೋದು. ಇದು ಪ್ರತಿ ತಿಂಗಳ ಮೊದಲ ಐದು ಕೆಲಸದ ದಿನಗಳಲ್ಲಿ ನಡೆಯೋದು. ಇದನ್ನು ಹೇಳಿಕೊಟ್ಟರೆ ಸಾಲದು, ನಡೆಯುವಾಗ ಕೈಯಾರೆ ಮಾಡಿಸಬೇಕು. ಜೂನ್ ತಿಂಗಳ ಕ್ಲೋಸಿಂಗ್ ಬರೋದು ಜುಲೈ ಮೊದಲ ವಾರ. ಜುಲೈ 1ಕ್ಕೆ ಹೋಗ್ತೀನಿ ಅಂದಿದ್ದರೆ, ಆ ಮಾತು ಮ್ಯಾನೇಜರ್ ಕಿವಿಗೆ "ಕ್ಲೋಸಿಂಗ್ ಹಿಂದಿನ ದಿನ ಕೈಬಿಟ್ಟು ಹೋಗ್ತೀನಿ" ಅಂತಲೇ ಕೇಳಿಸ್ತಿತ್ತು.

ಈಗ ತಾರೀಖು ತಾನಾಗಿಯೇ ಕಂಡಿತು. ಹಳೇ ಕಡೆ ಜೂನ್ ಕ್ಲೋಸಿಂಗ್ ಮುಗಿಯಬೇಕು, ಹೊಸ ಕಡೆ ಜುಲೈ 15ಕ್ಕೆ ಮೊದಲು ಸೇರಬೇಕು. ಜುಲೈ 10 ಶುಕ್ರವಾರ ಇಲ್ಲಿ ಕೊನೆಯ ದಿನ, 13 ಸೋಮವಾರ ಅಲ್ಲಿ ಮೊದಲ ದಿನ. ಮೂವತ್ತೇಳು ದಿನ ಕೆಲಸ ಮಾಡಿದ ಹಾಗಾಗುತ್ತೆ, ಇಪ್ಪತ್ಮೂರು ದಿನ ಕಡಿಮೆ.

ಮ್ಯಾನೇಜರ್ ಹತ್ತಿರ ಮೇಲ್‌ಗಿಂತ ಮೊದಲು ಮುಖತಃ ಮಾತಾಡಿದೆ. ಹೊಸ ಆಫರ್ ಲೆಟರ್ ಸಹಿ ಆಗಿ ಕೈಯಲ್ಲಿತ್ತು. ಅದಿಲ್ಲದೆ ಈ ಮಾತು ಎತ್ತಲೇಬಾರದು. ಅರ್ಧ ಗಂಟೆ ಸಮಯ ಕೇಳಿ, ಬಾಗಿಲು ಹಾಕಿಕೊಂಡು ಕೂತೆವು.

"ಮೇಡಂ, ನನಗೆ ಬೇರೆ ಕಡೆ ಕೆಲಸ ಸಿಕ್ಕಿದೆ. ಇವತ್ತು ರಾಜೀನಾಮೆ ಮೇಲ್ ಹಾಕ್ತೀನಿ, ಅದಕ್ಕೆ ಮುಂಚೆ ನಿಮಗೆ ಹೇಳಬೇಕು ಅನ್ನಿಸ್ತು. ನೋಟಿಸ್ ಪ್ರಕಾರ ಆಗಸ್ಟ್ 2ರವರೆಗೆ ಇರಬೇಕು. ಅವರಿಗೆ ಜುಲೈ ಮಧ್ಯದೊಳಗೆ ಬೇಕು. ಜೂನ್ ಕ್ಲೋಸಿಂಗ್ ಮುಗಿಸಿ ಜುಲೈ 10ಕ್ಕೆ ನನ್ನನ್ನು ಬಿಡೋಕೆ ಆಗುತ್ತಾ?"

ಅವರು ತಕ್ಷಣ ಒಪ್ಪಲಿಲ್ಲ. "ಜುಲೈ ಕ್ಲೋಸಿಂಗ್ ಯಾರು ಮಾಡ್ತಾರೆ?" ಅಂದರು. ನಾನು ಕಾಯ್ತಿದ್ದದ್ದೂ ಇದೇ ಪ್ರಶ್ನೆಗೆ. ಹಾಳೆ ಮುಂದಿಟ್ಟೆ. ಪ್ರತಿ ಕೆಲಸದ ಮುಂದೆ ಯಾರು ತಗೋಬಹುದು, ಯಾವ ದಿನದೊಳಗೆ ಒಪ್ಪಿಸ್ತೀನಿ ಅಂತ ಬರೆದಿದ್ದೆ. ಹೆಸರುಗಳೆಲ್ಲ ಪೆನ್ಸಿಲ್‌ನಲ್ಲಿದ್ದವು. ಯಾರಿಗೆ ಕೊಡಬೇಕು ಅನ್ನೋದು ಅವರ ತೀರ್ಮಾನ, ನನ್ನದಲ್ಲ. ಅವರು ಎರಡು ಹೆಸರು ಅಳಿಸಿ ಬೇರೆ ಬರೆದರು. ಆಗಲೇ ನನಗೆ ಅನ್ನಿಸಿತು, ಇವರು ಬಿಡಬೇಕಾ ಬೇಡವಾ ಅನ್ನೋದನ್ನು ದಾಟಿ ಹೇಗೆ ಬಿಡೋದು ಅನ್ನೋದಕ್ಕೆ ಬಂದಿದ್ದಾರೆ ಅಂತ.

ಕೊನೆಗೆ ಒಂದು ಷರತ್ತು ಹಾಕಿದರು. ಜೂನ್ ಕ್ಲೋಸಿಂಗನ್ನು ನಾನು ಮುಟ್ಟಬಾರದು. ಸಹೋದ್ಯೋಗಿ ಪೂರ್ತಿ ಮಾಡಬೇಕು, ನಾನು ಪಕ್ಕದಲ್ಲಿ ಕೂತು ನೋಡಬೇಕು. ಅದು ಸರಿಯಾಗಿ ನಡೆದರೆ ಜುಲೈ 10, ಇಲ್ಲದಿದ್ದರೆ ಮತ್ತೆ ಮಾತಾಡೋಣ. ನ್ಯಾಯವಾದ ಮಾತು ಅನ್ನಿಸಿತು. ಆದರೆ "ಇಲ್ಲದಿದ್ದರೆ" ಅನ್ನೋದನ್ನು ಹಾಗೇ ಬಿಟ್ಟರೆ ನನ್ನ ತಾರೀಖು ತೂಗಾಡ್ತಾ ಇರುತ್ತೆ ಅಲ್ವಾ? "ಏನಾದರೂ ಉಳಿದರೆ ಜುಲೈ 17ರವರೆಗೆ ಸಂಜೆ ಒಂದು ಗಂಟೆ ಫೋನ್‌ನಲ್ಲಿ ಸಿಗ್ತೀನಿ, ತಾರೀಖು ಮಾತ್ರ ಈಗಲೇ ನಿಗದಿ ಮಾಡಿ, ನಾನು ಆ ಕಡೆ ಹೇಳಬೇಕು" ಅಂದೆ. ಒಪ್ಪಿದರು.

ಯಾಕೆ ಹೋಗ್ತಿದ್ದೀರಿ ಅಂತಲೂ ಕೇಳಿದರು. ಇದ್ದದ್ದನ್ನೇ ಹೇಳಿದೆ. ಬೇಗ ಬಿಡಲಿ ಅಂತ ಮನೆಯಲ್ಲಿ ತೊಂದರೆ, ಆರೋಗ್ಯ ಸರಿಯಿಲ್ಲ ಅಂತೆಲ್ಲ ಹೇಳೋರಿದ್ದಾರೆ. ಅದು ಬೇಡ. ಹೊಸ ಕಂಪನಿ ಸೇರಿದ ದಿನವೇ ಅದು ಬಯಲಾಗುತ್ತೆ, ಮುಂದೆ ಯಾರಾದರೂ ನಮ್ಮ ಬಗ್ಗೆ ವಿಚಾರಿಸೋದು ಇದೇ ಮ್ಯಾನೇಜರ್ ಹತ್ತಿರ.

ಆವತ್ತು ಸಂಜೆಯೇ ಮೇಲ್ ಹಾಕಿದೆ. ಮ್ಯಾನೇಜರ್‌ಗೆ, ಎಚ್‌ಆರ್‌ಗೆ ಇಬ್ಬರಿಗೂ. ವಿಷಯ ಇಷ್ಟೇ: ಇಂದು ರಾಜೀನಾಮೆ ಕೊಡುತ್ತಿದ್ದೇನೆ, ನೋಟಿಸ್ ಪ್ರಕಾರ ಕೊನೆಯ ದಿನ ಆಗಸ್ಟ್ 2, ಇಂದಿನ ಮಾತುಕತೆಯಂತೆ ಜುಲೈ 10ಕ್ಕೆ ಬಿಡುಗಡೆ ಕೋರುತ್ತೇನೆ, ಹಸ್ತಾಂತರದ ಪಟ್ಟಿ ಜೊತೆಗಿದೆ, ದಯವಿಟ್ಟು ಲಿಖಿತವಾಗಿ ಖಚಿತಪಡಿಸಿ. ಎರಡೂ ತಾರೀಖು ಬರೆದದ್ದು ಬೇಕೆಂದೇ. ಜುಲೈ 10 ಮಾತ್ರ ಬರೆದರೆ, ನೋಟಿಸ್ ಎಷ್ಟು ದಿನ ಅಂತಲೇ ತಿಳಿಯದೆ ಹೋಗ್ತಿದ್ದಾರೆ ಅನ್ನೋ ಹಾಗಿರುತ್ತೆ. ಎರಡೂ ಇದ್ದರೆ ಅದು ಕೋರಿಕೆ ಅಂತ ಸ್ಪಷ್ಟ.

ಎಚ್‌ಆರ್ ಜೊತೆ ಮಾತು ಪೂರ್ತಿ ದಿನಗಳ ಲೆಕ್ಕದ್ದು. ಕಡಿಮೆಯಾದ ಇಪ್ಪತ್ಮೂರು ದಿನವನ್ನು ಮೂರು ರೀತಿ ತೀರಿಸಬಹುದು: ಕಂಪನಿ ಮನ್ನಾ ಮಾಡಬಹುದು, ಉಳಿದ ರಜೆಯಲ್ಲಿ ಹೊಂದಿಸಬಹುದು, ಇಲ್ಲವೇ ಅಷ್ಟು ದಿನದ ಸಂಬಳ ಹಿಡಿಯಬಹುದು. ನನ್ನ ಖಾತೆಯಲ್ಲಿ ಒಂಬತ್ತು ದಿನ ರಜೆ ಉಳಿದಿತ್ತು, ಅದನ್ನು ಹೊಂದಿಸಿದರು. ಉಳಿದ ಹದಿನಾಲ್ಕು ದಿನಕ್ಕೆ ಸಂಬಳ ಹಿಡೀತೀವಿ ಅಂದರು. ಎಲ್ಲ ಕಡೆ ರಜೆ ಹೊಂದಿಸೋದಿಲ್ಲ. ಕೆಲವು ಕಡೆ ನೋಟಿಸ್ ಸಮಯದಲ್ಲಿ ರಜೆ ಹಾಕಿದರೆ ಅಷ್ಟು ದಿನ ನೋಟಿಸೇ ಮುಂದಕ್ಕೆ ಹೋಗುತ್ತೆ, ಅದನ್ನು ಮೊದಲೇ ವಿಚಾರಿಸಬೇಕು. ಇನ್ನೊಂದು ಕೇಳಲೇಬೇಕಾದ್ದು: ಹಿಡಿಯೋದು ಮೂಲ ವೇತನದ ಮೇಲಾ, ಪೂರ್ತಿ ಸಂಬಳದ ಮೇಲಾ? ಮೊತ್ತದಲ್ಲಿ ತುಂಬಾ ವ್ಯತ್ಯಾಸ ಆಗುತ್ತೆ. ನನ್ನ ವಿಷಯದಲ್ಲಿ ಮೂಲ ವೇತನದ ಮೇಲೆ ಇತ್ತು. ಅದನ್ನೂ ಮೇಲ್‌ನಲ್ಲಿ ಬರೆಸಿಕೊಂಡೆ.

ಈ ಮೇಲ್ ಇಟ್ಟುಕೊಂಡು ಹೊಸ ಕಂಪನಿಯನ್ನು ಕೇಳಿದೆ. ಬೇಗ ಬರಬೇಕು ಅಂದದ್ದು ಅವರು, ಹದಿನಾಲ್ಕು ದಿನದ ಹೊರೆ ಅವರು ಹೊರಬಹುದಾ ಅಂತ. ಒಪ್ಪಿದರು. ಆದರೆ ದುಡ್ಡು ಬರೋದು ಸೇರಿದ ಮೇಲೆ, ಹಳೇ ಕಂಪನಿಯ ಅಂತಿಮ ಲೆಕ್ಕದ ಕಾಗದ ತೋರಿಸಿದಾಗ. ಒಂದು ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕು ಅಂತಲೂ ಇತ್ತು. ಹಾಗಾಗಿ ಆ ಎರಡು ತಿಂಗಳು ಕೈ ಬಿಗಿ ಹಿಡಿಯಬೇಕಾಯಿತು.

ಎಚ್‌ಆರ್ ಒಪ್ಪಿಗೆ ಬಂದ ಮೇಲೂ ಪೋರ್ಟಲ್‌ನಲ್ಲಿ ನನ್ನ ಕೊನೆಯ ದಿನ ಆಗಸ್ಟ್ 2 ಅಂತಲೇ ತೋರಿಸ್ತಿತ್ತು. ಇದು ಸಣ್ಣ ವಿಷಯ ಅನ್ನಿಸಬಹುದು. ಸಂಬಳದ ವಿಭಾಗದವರು ನೋಡೋದು ಪೋರ್ಟಲ್ಲನ್ನೇ, ಮೇಲ್ ಅಲ್ಲ. ಅದು ಬದಲಾಗದಿದ್ದರೆ ಜುಲೈ 11ರಿಂದ ಹೇಳದೆ ಕೇಳದೆ ಗೈರುಹಾಜರಿ ಅಂತ ದಾಖಲಾಗುವ ಅಪಾಯ ಇರುತ್ತೆ, ರಿಲೀವಿಂಗ್ ಲೆಟರ್ ನಿಂತುಹೋಗುತ್ತೆ. ಹಿಂದೆ ಪಡೋದಕ್ಕೆ ಬೇಜಾರು ಮಾಡಿಕೊಳ್ಳದೆ ಅದನ್ನು ಬದಲಾಯಿಸಿಕೊಂಡೆ. ಹೊಸ ತಾರೀಖು ಸ್ಕ್ರೀನ್ ಮೇಲೆ ಕಂಡ ಮೇಲೇ ಹೊಸ ಕಂಪನಿಗೆ "13ಕ್ಕೆ ಬರ್ತೀನಿ" ಅಂತ ಬರೆದದ್ದು.

ಜುಲೈ ಮೊದಲ ವಾರ ಸಹೋದ್ಯೋಗಿಯೇ ಕ್ಲೋಸಿಂಗ್ ಮಾಡಿದರು. ಮೂರನೇ ದಿನ ಅವರು ಒಂದು ಕಡೆ ಸಿಕ್ಕಿಕೊಂಡರು. ಹಿಂದಿನ ತಿಂಗಳ ಅಂದಾಜಿನ ಎಂಟ್ರಿ ತಿರುಗಿಸದೆ ನಿಜವಾದ ಬಿಲ್ಲನ್ನೂ ಹಾಕಿದ್ದರಿಂದ ಒಂದೇ ಖರ್ಚು ಎರಡು ಸಲ ಬಂದಿತ್ತು. ನನ್ನ ಕೈ ಕೀಬೋರ್ಡ್ ಕಡೆ ಹೋಗ್ತಿತ್ತು, ತಡೆದುಕೊಂಡೆ. "ಮೇ ತಿಂಗಳ ಮೊತ್ತದ ಜೊತೆ ಹೋಲಿಸಿ ನೋಡಿ" ಅಂತ ಮಾತ್ರ ಅಂದೆ. ಅವರೇ ಹುಡುಕಿದರು, ನನ್ನ ಟಿಪ್ಪಣಿಯಲ್ಲಿ ಇಲ್ಲದ ಆ ಹೆಜ್ಜೆಯನ್ನು ಅವರದೇ ಮಾತಲ್ಲಿ ಸೇರಿಸಿದರು. ಐದನೇ ದಿನ ರಿಪೋರ್ಟ್ ಹೋಯಿತು. ಮ್ಯಾನೇಜರ್ ನೋಡಿ, ಹಸ್ತಾಂತರದ ಪಟ್ಟಿಗೆ ಸಹಿ ಹಾಕಿದರು.

10ನೇ ತಾರೀಖು ಲ್ಯಾಪ್‌ಟಾಪ್, ಗುರುತಿನ ಚೀಟಿ ಒಪ್ಪಿಸಿ, ರಿಲೀವಿಂಗ್ ಲೆಟರ್ ಕೈಗೆ ಬಂದ ತಕ್ಷಣ ಅಲ್ಲೇ ನಿಂತು ತಾರೀಖು ಓದಿದೆ. ಜುಲೈ 10 ಅಂತಲೇ ಇತ್ತು. ಅಂತಿಮ ಲೆಕ್ಕ ಬಂದದ್ದು ಆಗಸ್ಟ್ ಕೊನೆಗೆ. ಹದಿನಾಲ್ಕು ದಿನ, ಮೂಲ ವೇತನದ ಮೇಲೆ, ಮೇಲ್‌ನಲ್ಲಿ ಇದ್ದ ಹಾಗೇ ಹಿಡಿದಿದ್ದರು. ಆ ಕಾಗದವನ್ನು ಹೊಸ ಕಂಪನಿಗೆ ಕಳಿಸಿದೆ, ಮುಂದಿನ ತಿಂಗಳ ಸಂಬಳದ ಜೊತೆ ದುಡ್ಡು ಬಂತು. ಸಹೋದ್ಯೋಗಿಯಿಂದ ಫೋನ್ ಬಂದದ್ದು ಒಂದೇ ಸಲ, ಒಂದು ಫೈಲ್ ಎಲ್ಲಿದೆ ಅಂತ ಕೇಳೋಕೆ.